ತಪ್ಪು ನಮ್ಮದು ಸರಿ, ಹಣ ಯಾರದು?

'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆ ಬ್ಯಾಂಕಿನ ಕೌಂಟರಿನಲ್ಲಿ ಬೇರೆ ರೂಪದಲ್ಲಿ ಕೇಳಿಸುತ್ತದೆ: 'ನಂಬರ್ ಬರೆದವರು ನೀವೇ ಅಲ್ಲವಾ?' 2024ರ ಆಗಸ್ಟ್‌ನಲ್ಲಿ ನಮ್ಮ ಚಿಕ್ಕಪ್ಪನಿಗೆ ಈ ಮಾತನ್ನು ಎರಡು ಶಾಖೆಗಳಲ್ಲಿ, ನಾಲ್ಕು ಜನ, ಬೇರೆ ಬೇರೆ ದಿನ ಹೇಳಿದರು. ನಾಲ್ವರೂ ಸಭ್ಯರೇ. ಒಬ್ಬರು ಕುರ್ಚಿ ಕೊಟ್ಟು ಕೂರಿಸಿ, ನೀರು ಕೊಟ್ಟು ಹೇಳಿದರು. ಆದರೆ ಮಾತು ಮಾತ್ರ ಒಂದೇ. ಆ ಒಂದು ಮಾತಿನ ಜೊತೆ ಜಗಳ ಆಡುವುದಕ್ಕೇ ಈ ಬರಹ.

ಚಿಕ್ಕಪ್ಪ ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ನಾಲ್ಕನೇ ಜ್ವರ ಎದ್ದ ಹುಳು ಹೇಗೆ ಮೇಯುತ್ತದೆ ಎಂಬುದು ಹುಳು ಸಾಕಿದವರಿಗೆ ಗೊತ್ತು. ಅಲ್ಲಿಯ ತನಕ ತಿಂದದ್ದೆಲ್ಲ ಒಂದು ಲೆಕ್ಕ, ಆಮೇಲಿನ ಏಳೆಂಟು ದಿನದ ಮೇವೇ ಇನ್ನೊಂದು ಲೆಕ್ಕ. ಆ ಸಲ ಬೋರಿನಲ್ಲಿ ನೀರು ಇಳಿದು ತೋಟದ ಸೊಪ್ಪು ಸಾಲಲಿಲ್ಲ. ಚಿಂತಾಮಣಿ ಕಡೆಯ ರೈತರೊಬ್ಬರ ಹಿಪ್ಪುನೇರಳೆ ತೋಟವನ್ನು ಮಾತಾಡಿ, ಸೊಪ್ಪಿಗೆ 46,000 ರೂಪಾಯಿ ಒಪ್ಪಿಕೊಂಡರು. ಫೋನಿನಲ್ಲಿ ಬಂದ ಖಾತೆ ಸಂಖ್ಯೆಯನ್ನು ನೋಡಿಕೊಂಡು ಬ್ಯಾಂಕಿನ ನೆಫ್ಟ್ ಫಾರಂನಲ್ಲಿ ಬರೆದರು. ಬರೆಯುವಾಗ 58 ಇದ್ದದ್ದು 85 ಆಯಿತು. ಹೆಸರು ಸರಿ, ಐಎಫ್‌ಎಸ್‌ಸಿ ಸರಿ, ಮೊತ್ತ ಸರಿ, ಎರಡು ಅಂಕಿ ಮಾತ್ರ ಜಾಗ ಬದಲಿಸಿಕೊಂಡಿದ್ದವು.

ಮೂರನೇ ದಿನ ಸೊಪ್ಪಿನವರು ಫೋನು ಮಾಡಿ, 'ಅಣ್ಣಾ, ದುಡ್ಡು ಬಂದಿಲ್ಲ, ನಾಳೆಯಿಂದ ಕೊಯ್ಯೋದು ಬೇಡ' ಅಂದರು. ಹುಳುವಿಗೆ ಬ್ಯಾಂಕಿನ ಕತೆ ಗೊತ್ತಿಲ್ಲ. ಚಿಕ್ಕಪ್ಪ ಕೈಸಾಲ ಮಾಡಿ ಮತ್ತೆ 46,000 ಕೊಟ್ಟು ಬೆಳೆ ಉಳಿಸಿಕೊಂಡರು. ಆಮೇಲೆ ನನಗೆ ಫೋನು ಬಂತು: 'ನೀನು ಅಷ್ಟೊಂದು ಓದಿದ್ದೀಯಲ್ಲಪ್ಪ, ಇದೇನು ನೋಡು.' ಪಿಎಚ್‌.ಡಿ. ಮಾಡುವವನ ಕೆಲಸವೇ ಕಾಗದ ಓದುವುದು. ಹಾಗಾಗಿ ಮೊದಲು ಕಾಗದಗಳನ್ನು ಓದಿದೆ.

ಮೊದಲು ತಿಳಿದುಕೊಳ್ಳಬೇಕಾದದ್ದು ಇದು: ತಪ್ಪು ಸಂಖ್ಯೆಗೆ ಹೋದ ಹಣಕ್ಕೆಲ್ಲ ಒಂದೇ ಗತಿ ಇಲ್ಲ. ನಾವು ಬರೆದ ಸಂಖ್ಯೆಯ ಖಾತೆಯೇ ಇಲ್ಲದಿದ್ದರೆ ಅಥವಾ ಅದು ಮುಚ್ಚಿಹೋಗಿದ್ದರೆ ಹಣ ತಾನಾಗಿ ವಾಪಸು ಬರುತ್ತದೆ. ನೆಫ್ಟ್ ವ್ಯವಸ್ಥೆಯಲ್ಲಿ ಹಣ ಅರ್ಧ ಗಂಟೆಗೊಂದು ಕಂತಿನಂತೆ ಸಾಗುತ್ತದೆ. ಜಮೆ ಮಾಡಲಾಗದ ಹಣವನ್ನು ಆ ಕಂತು ಮುಗಿದ ಎರಡು ಗಂಟೆಯೊಳಗೆ ಹಿಂದಿರುಗಿಸಬೇಕು ಎಂಬುದು ನಿಯಮ. ತಡವಾದರೆ ಬ್ಯಾಂಕು ದಂಡದ ಬಡ್ಡಿ ಕೊಡಬೇಕು. ಅಂದರೆ ಒಂದು ದಿನ ಕಳೆದರೂ ಹಣ ವಾಪಸು ಬಂದಿಲ್ಲವೆಂದರೆ ಅದು ಬಹುಮಟ್ಟಿಗೆ ಇನ್ಯಾರದೋ ಖಾತೆಯಲ್ಲಿ ಕೂತಿದೆ ಎಂದೇ ಅರ್ಥ. 'ನಾಲ್ಕು ದಿನ ಕಾಯಿರಿ, ತಾನಾಗೇ ಬರುತ್ತೆ' ಎನ್ನುವ ಸಮಾಧಾನವನ್ನು ಎರಡನೆಯ ದಿನದ ಮೇಲೆ ನಂಬಬೇಡಿ. ಆ ನಾಲ್ಕು ದಿನದಲ್ಲೇ ಹಣ ಖರ್ಚಾಗುವುದು.

ಇದರ ಜೊತೆ ಬೆರೆಸಿಕೊಳ್ಳುವ ಇನ್ನೊಂದು ವಿಷಯವಿದೆ. 'ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕಂತೆ' ಎಂದು ಊರಲ್ಲಿ ಯಾರೋ ಹೇಳುತ್ತಾರೆ. ಅದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮ, ನಿಜ. ಆದರೆ ಅದು ವಿಫಲವಾದ ವಹಿವಾಟಿಗೆ, ಅಂದರೆ ನಮ್ಮ ಖಾತೆಯಲ್ಲಿ ಕಡಿತವಾಗಿ ಎಲ್ಲಿಗೂ ಜಮೆಯಾಗದ ಹಣಕ್ಕೆ. ನಮ್ಮದು ವಿಫಲವಾದ ವಹಿವಾಟಲ್ಲ. ಬ್ಯಾಂಕಿನ ಕಣ್ಣಿನಲ್ಲಿ ಅದು ಸಂಪೂರ್ಣ ಯಶಸ್ವಿ ವಹಿವಾಟು. ರಸೀದಿಯಲ್ಲೂ ಹಾಗೆಯೇ ಬರೆದಿತ್ತು.

ಹಾಗಾದರೆ ಫಾರಂನಲ್ಲಿ ಬರೆದ ಹೆಸರು? ಚಿಂತಾಮಣಿಯ ಗಂಡಸಿನ ಹೆಸರು ಬರೆದ ಹಣ ಗೌರಿಬಿದನೂರಿನ ಹೆಂಗಸಿನ ಖಾತೆಗೆ ಹೋಗುವಾಗ ಯಾರೂ ನೋಡಲಿಲ್ಲವೇ? ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. 2010ರ ಅಕ್ಟೋಬರ್ 14ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಅದಕ್ಕೆ ಮೊದಲು ಹಣ ಪಡೆಯುವ ಬ್ಯಾಂಕು ಹೆಸರನ್ನೂ ಖಾತೆ ಸಂಖ್ಯೆಯನ್ನೂ ತಾಳೆ ನೋಡಿ ಜಮೆ ಮಾಡಬೇಕು ಎಂಬ ನಿರೀಕ್ಷೆ ಇತ್ತು. ನಮ್ಮ ದೇಶದಲ್ಲಿ ಒಂದೇ ಹೆಸರನ್ನು ಹತ್ತು ರೀತಿ ಬರೆಯುತ್ತಾರೆ, ತಾಳೆ ನೋಡುತ್ತಾ ಕೂತರೆ ಜಮೆ ತಡವಾಗುತ್ತದೆ, ಆದ್ದರಿಂದ ಖಾತೆ ಸಂಖ್ಯೆಯೊಂದನ್ನೇ ನೋಡಿ ಜಮೆ ಮಾಡಬಹುದು ಎಂದಿತು ಆ ಸುತ್ತೋಲೆ. ಸರಿಯಾದ ಸಂಖ್ಯೆ ಕೊಡುವ ಹೊಣೆ ಹಣ ಕಳಿಸುವವನದು ಎಂದೂ ಹೇಳಿತು. ಕೌಂಟರಿನಲ್ಲಿ ನಮಗೆ ಸಿಕ್ಕ ಮಾತಿನ ಮೂಲ ಇದೇ.

ಈ ಸುತ್ತೋಲೆ ತಲೆಕೆಟ್ಟವರು ಬರೆದದ್ದಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಅದರ ಕಷ್ಟ ಚೆನ್ನಾಗಿ ಅರ್ಥವಾಗಬೇಕು. ನಾರಾಯಣಸ್ವಾಮಿ, ವೆಂಕಟೇಶಪ್ಪ, ಮುನಿಯಪ್ಪ, ಲಕ್ಷ್ಮಮ್ಮ ಇವರನ್ನು ಬಿಟ್ಟರೆ ನಮ್ಮ ಊರುಗಳಲ್ಲಿ ಅರ್ಧ ಜನವೇ ಉಳಿಯುವುದಿಲ್ಲ. ಆ ಹೆಸರುಗಳನ್ನು ಇಂಗ್ಲಿಷಿನಲ್ಲಿ ಪಾಸ್‌ಬುಕ್ಕಿಗೊಂದು, ಆಧಾರಿಗೊಂದು, ಪಹಣಿಗೊಂದು ಥರ ಬರೆದಿರುತ್ತಾರೆ. ಯಂತ್ರಕ್ಕೆ ಅದನ್ನು ತಾಳೆ ಹಾಕು ಎಂದರೆ ಅರ್ಧ ಹಣ ವಾಪಸು ಬರುತ್ತಿತ್ತು. ಕಷ್ಟ ನಿಜ. ನನ್ನ ತಕರಾರು ಇರುವುದು ಆ ಕಷ್ಟದ ಬೆಲೆಯನ್ನು ಯಾರ ಮೇಲೆ ಹಾಕಿದರು ಎಂಬುದರ ಬಗ್ಗೆ. ವೇಗದ ಲಾಭ ಎಲ್ಲರಿಗೂ ಹಂಚಿಕೆಯಾಯಿತು. ವೇಗದಿಂದ ಆಗುವ ನಷ್ಟ ಮಾತ್ರ ಎರಡು ಅಂಕಿ ತಪ್ಪಿದವನ ತಲೆಗೆ ಬಂತು. ಹೆಸರು ಬರೆಯುವ ಕಾಲಂ ಮಾತ್ರ ಫಾರಂನಲ್ಲಿ ಹಾಗೆಯೇ ಉಳಿಯಿತು. ಯಾರೂ ನೋಡದ ಕಾಲಮ್ಮನ್ನು ಜನ ಶ್ರದ್ಧೆಯಿಂದ ತುಂಬುತ್ತಾ ಬಂದರು. ಸಂಖ್ಯೆ ತಪ್ಪಿದರೂ ಹೆಸರು ಕಾಪಾಡುತ್ತದೆ ಎಂದೇ ಚಿಕ್ಕಪ್ಪ ನಂಬಿದ್ದರು.

ಹಣದ ಬೆನ್ನು ಹತ್ತಿದ ಕತೆಗೆ ಬರುತ್ತೇನೆ. ನಾವು ಮೊದಲು ಮಾಡಿದ್ದು ಫಾರಂನ ನಮ್ಮ ಪ್ರತಿ ತೆಗೆದು ನೋಡಿದ್ದು. ಇದು ಸಣ್ಣ ವಿಷಯವಲ್ಲ. ಫಾರಂನಲ್ಲಿ ಸಂಖ್ಯೆ ಸರಿಯಿದ್ದು ಗುಮಾಸ್ತರು ಕಂಪ್ಯೂಟರಿಗೆ ತಪ್ಪಾಗಿ ಹೊಡೆದಿದ್ದರೆ ತಪ್ಪು ಬ್ಯಾಂಕಿನದು. ಆಗ ನಮ್ಮ ಹಣ ತುಂಬಿಕೊಡುವುದು ಅವರ ಹೊಣೆ, ಆ ಕಡೆಯವರಿಂದ ವಸೂಲಿ ಮಾಡಿಕೊಳ್ಳುವುದು ಅವರ ಪಾಡು. ನಮ್ಮ ಪ್ರತಿಯಲ್ಲಿ 85 ಎಂದೇ ಇತ್ತು. ತಪ್ಪು ನಮ್ಮದೇ ಎಂದು ಒಪ್ಪಿಕೊಂಡೆವು.

ಎರಡನೆಯದು ಯುಟಿಆರ್ ಸಂಖ್ಯೆ. ಪ್ರತಿ ವಹಿವಾಟಿಗೂ ಒಂದು ಇರುತ್ತದೆ. ಪಾಸ್‌ಬುಕ್ ನಮೂದಿನಲ್ಲೋ ಸಂದೇಶದಲ್ಲೋ ಸಿಗುತ್ತದೆ, ಇಲ್ಲದಿದ್ದರೆ ಶಾಖೆಯವರೇ ಕೊಡಬೇಕು. ಅದನ್ನೂ, ದಿನಾಂಕ, ಮೊತ್ತ, ಬರೆಯಬೇಕಿದ್ದ ಸಂಖ್ಯೆ, ಬರೆದ ಸಂಖ್ಯೆ ಎಲ್ಲವನ್ನೂ ಸೇರಿಸಿ ನಮ್ಮ ಶಾಖೆಗೆ ಒಂದು ಅರ್ಜಿ ಕೊಟ್ಟೆವು. ಬಾಯಿಮಾತಿನ ದೂರಿಗೆ ತಾರೀಖು ಇರುವುದಿಲ್ಲ. ಮುಂದೆ ಎಲ್ಲಿ ಹೋದರೂ ಮೊದಲು ಕೇಳುವುದು ತಾರೀಖನ್ನೇ. ಆದ್ದರಿಂದ ಎರಡನೇ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಂಡೆವು. ಅರ್ಜಿಯಲ್ಲಿ ಕೇಳಿದ್ದು ಎರಡು: ಹಣ ಹೋದ ಬ್ಯಾಂಕಿಗೆ ಇಂದೇ ಬರೆಯಿರಿ, ಆ ಮೊತ್ತವನ್ನು ತೆಗೆಯದಂತೆ ತಡೆಹಿಡಿಯಲು ಕೇಳಿರಿ.

ಮೊದಲನೆಯದನ್ನು ಮಾಡಿದರು. ಎರಡನೆಯದು ಆಗಲಿಲ್ಲ. ಹಣ ಹೋದ ಬ್ಯಾಂಕು ತನ್ನ ಗ್ರಾಹಕರ ಒಪ್ಪಿಗೆ ಇಲ್ಲದೆ ಅವರ ಖಾತೆಯಿಂದ ತೆಗೆಯುವುದಿಲ್ಲ, ಅವರ ಹೆಸರು, ಫೋನು ನಮಗೆ ಕೊಡುವುದಿಲ್ಲ. ಗ್ರಾಹಕರ ಗುಟ್ಟು ಕಾಯುವುದು ಬ್ಯಾಂಕಿನ ಧರ್ಮ. ಇದನ್ನೂ ನಾನು ಒಪ್ಪುತ್ತೇನೆ. ನಾಳೆ ಯಾರೋ ಬಂದು 'ಇವನ ಖಾತೆಯಲ್ಲಿರುವುದು ನನ್ನ ಹಣ' ಎಂದರೆ ಬ್ಯಾಂಕು ನನ್ನ ದುಡ್ಡು ತೆಗೆದುಕೊಡಬಾರದಲ್ಲ.

ಒಂಬತ್ತನೇ ದಿನ ಗೌರಿಬಿದನೂರು ತಾಲ್ಲೂಕಿನ ಆ ಶಾಖೆಯ ಮ್ಯಾನೇಜರು ಖಾತೆಯವರಿಗೆ ಫೋನು ಮಾಡಿದರು. ಅರವತ್ತು ದಾಟಿದ ಹೆಂಗಸು, ಮಗನ ಜೊತೆ ಬ್ಯಾಂಕಿಗೆ ಬಂದರು. ಅವರೇ ಒಪ್ಪಿದ್ದರಿಂದ ನಾವು ಹೋಗಿ ಭೇಟಿಯಾದೆವು. ಆಂಧ್ರದ ಗಡಿಯ ಊರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತು. 'ನಂದಲ್ಲದ ದುಡ್ಡು ನಂಗ್ಯಾಕಪ್ಪ' ಎಂದರು. ಆದರೆ ಪಾಸ್‌ಬುಕ್ ಹಾಕಿಸಿ ನೋಡಿದರೆ ಖಾತೆಯಲ್ಲಿ ಉಳಿದದ್ದು 15,000 ಮಾತ್ರ. ಉಳಿದ 31,000 ಎಲ್ಲಿ? ಆಕೆಯ ಹೆಸರಿನಲ್ಲಿ ಬೆಳೆಸಾಲದ ಕಂತು ಬಾಕಿ ಇತ್ತು. ಖಾತೆಗೆ ಹಣ ಬಿದ್ದ ಕೂಡಲೇ ಬ್ಯಾಂಕಿನ ಗಣಕವ್ಯವಸ್ಥೆ ತಾನಾಗಿ ಬಾಕಿಗೆ ಮುರಿದುಕೊಂಡಿತ್ತು. ಆಕೆ ಒಂದು ರೂಪಾಯಿ ಮುಟ್ಟಿರಲಿಲ್ಲ.

ಈ ಘಳಿಗೆಯಲ್ಲಿ ನನಗೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. 'ಗ್ರಾಹಕರ ಒಪ್ಪಿಗೆ ಇಲ್ಲದೆ ಖಾತೆಯನ್ನು ಮುಟ್ಟುವುದಿಲ್ಲ' ಎಂದಿದ್ದ ಬ್ಯಾಂಕು, ತನಗೆ ಬರಬೇಕಾದ ಸಾಲ ಎಂದಾಗ ಅದೇ ಗ್ರಾಹಕರನ್ನು ಕೇಳದೆ ಅದೇ ಖಾತೆಯನ್ನು ಮುಟ್ಟಿತ್ತು. ನಮ್ಮ ಹಣ ಹೋದದ್ದು ಬೇರೊಬ್ಬ ಬಡವಿಯ ಕೈಗಲ್ಲ, ಬ್ಯಾಂಕಿನ ಕೈಗೇ. ಆ ಬ್ಯಾಂಕೇ ನಮಗೆ 'ಆಕೆಯನ್ನು ಒಪ್ಪಿಸಿಕೊಳ್ಳಿ' ಎನ್ನುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದು, ಹೊಲದವನನ್ನು ಕರೆದು 'ಮೇವು ಎಲ್ಲಿ ಹೋಯಿತು' ಎಂದು ಕೇಳಿದ ಹಾಗೆ.

ಆಕೆ ಆವತ್ತೇ 15,000ಕ್ಕೆ ಒಪ್ಪಿಗೆ ಪತ್ರ ಬರೆದುಕೊಟ್ಟರು. ಇಪ್ಪತ್ತನೇ ದಿನ ಅದು ಚಿಕ್ಕಪ್ಪನ ಖಾತೆಗೆ ಬಂತು. 31,000ದ ಬಗ್ಗೆ ನಾವು ಎರಡು ದೂರು ಬರೆದೆವು. ಚಿಕ್ಕಪ್ಪ ತಮ್ಮ ಬ್ಯಾಂಕಿಗೆ ಒಂದು. ಇನ್ನೊಂದನ್ನು ಆ ಹೆಂಗಸೇ ತಮ್ಮ ಬ್ಯಾಂಕಿಗೆ ಬರೆದರು: 'ನನ್ನದಲ್ಲದ, ತಪ್ಪಿ ಬಂದ ಹಣವನ್ನು ನನ್ನ ಸಾಲಕ್ಕೆ ಮುರಿದುಕೊಂಡಿದ್ದೀರಿ. ಅದನ್ನು ತೆಗೆದು ಅವರಿಗೆ ಕೊಡಿ. ನನ್ನ ಸಾಲ ನನ್ನ ಮೇಲೆಯೇ ಇರಲಿ.' ಹೆಬ್ಬೆಟ್ಟಿನ ಗುರುತಿನ ಆ ಅರ್ಜಿ ಇಡೀ ಪ್ರಕರಣದ ಬಲವಾದ ಕಾಗದವಾಯಿತು. ಗ್ರಾಹಕರ ಒಪ್ಪಿಗೆ ಬೇಕು ಎನ್ನುತ್ತಿದ್ದವರಿಗೆ ಗ್ರಾಹಕರ ದೂರೇ ಸಿಕ್ಕಿತ್ತು. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಜಾಲತಾಣದಲ್ಲಿ ಖರ್ಚಿಲ್ಲದೆ ದೂರು ಕೊಡಬಹುದು. 30 ದಿನ ಮುಗಿದ ಮೇಲೆ ಅದನ್ನೂ ಮಾಡಿದೆವು. ತೀರ್ಪು ಬರುವ ಮೊದಲೇ, ಅರವತ್ತೇಳನೇ ದಿನ, ಬ್ಯಾಂಕು ಸಾಲದ ನಮೂದನ್ನು ಹಿಂತೆಗೆದು 31,000 ಕಳಿಸಿತು. ಕೈಸಾಲದ ಬಡ್ಡಿ ಮಾತ್ರ ಚಿಕ್ಕಪ್ಪನ ಲೆಕ್ಕಕ್ಕೇ ಉಳಿಯಿತು.

ಆಕೆ ಒಪ್ಪದೇ ಇದ್ದಿದ್ದರೆ? ಹಲವರ ಅನುಭವ ಹಾಗೇ ಇರುತ್ತದೆ. ಆಗ ಕಾನೂನು ನಮ್ಮ ಪಕ್ಕದಲ್ಲೇ ಇದೆ, ಆದರೆ ದೂರದಲ್ಲಿದೆ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಂ ಸರಳವಾಗಿದೆ: ತಪ್ಪಿನಿಂದ ಹಣ ಪಡೆದವನು ಅದನ್ನು ಹಿಂದಿರುಗಿಸಬೇಕು. ಕೊಟ್ಟವನ ಅಜಾಗರೂಕತೆಯಿಂದ ಹಣ ಹೋಯಿತು ಎಂಬ ಕಾರಣಕ್ಕೆ ಅದು ಪಡೆದವನ ಸ್ವತ್ತು ಆಗುವುದಿಲ್ಲ. ರಿಸರ್ವ್ ಬ್ಯಾಂಕಿನ ಸುತ್ತೋಲೆ ಸಂಖ್ಯೆ ಬರೆಯುವ ಹೊಣೆ ಯಾರದು ಎಂದು ಹೇಳುತ್ತದೆ. ಹಣ ಯಾರದು ಎಂದು ಹೇಳುವುದಿಲ್ಲ. ಕೌಂಟರಿನಲ್ಲಿ ಈ ಎರಡನ್ನೂ ಒಂದು ಮಾಡಿ ಹೇಳುತ್ತಾರೆ, ನಾವು ತಲೆತಗ್ಗಿಸಿ ಬರುತ್ತೇವೆ.

ಕ್ರಿಮಿನಲ್ ಕಾನೂನೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಪ್ರಕಾರ ಇನ್ನೊಬ್ಬರ ಸ್ವತ್ತನ್ನು ಅಪ್ರಾಮಾಣಿಕವಾಗಿ ತನ್ನದು ಮಾಡಿಕೊಂಡರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷದವರೆಗಿನ ಸೆರೆವಾಸ ಮತ್ತು ದಂಡ. ಇಲ್ಲಿ ಗಮನಿಸಬೇಕಾದ ಗೆರೆಯೊಂದಿದೆ. ಹಣ ಬಂದದ್ದು ಅಪರಾಧವಲ್ಲ. ತನ್ನದೆಂದು ತಿಳಿದು ಖರ್ಚು ಮಾಡಿದ್ದೂ ಅಪರಾಧವಲ್ಲ. ತಪ್ಪಿ ಬಂದದ್ದು ಎಂದು ಗೊತ್ತಾದ ಮೇಲೂ ದುರುದ್ದೇಶದಿಂದ ಇಟ್ಟುಕೊಂಡರೆ ಅಪರಾಧ. ಹಾಗಾಗಿ 'ಗೊತ್ತಾಗಿತ್ತು' ಎನ್ನುವುದಕ್ಕೆ ಸಾಕ್ಷಿ ಬೇಕು. ಅವರ ಬ್ಯಾಂಕು ಅವರಿಗೆ ಬರವಣಿಗೆಯಲ್ಲಿ ತಿಳಿಸಿದೆಯೇ, ಯಾವತ್ತು ತಿಳಿಸಿತು ಎಂಬುದನ್ನು ನಾವು ಬರವಣಿಗೆಯಲ್ಲೇ ಕೇಳಿ ಪಡೆಯಬೇಕು. ಜೊತೆಗೆ ಈ ಕಲಮ್ಮಿನಡಿ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಯಲ್ಲಿ ಎಫ್‌ಐಆರ್ ಬದಲು ಬರೀ ಒಂದು ಸ್ವೀಕೃತಿ ಕೊಟ್ಟು ಕಳಿಸಿದರೆ ಅದಕ್ಕೆ ಇದೇ ಕಾರಣ.

ಇಲ್ಲಿಯೇ ಒಂದು ಎಚ್ಚರಿಕೆ. '1930ಕ್ಕೆ ಫೋನು ಮಾಡಿ ವಂಚನೆಯಾಯಿತು ಅಂತ ಹೇಳಿಬಿಡಿ, ಖಾತೆ ತಕ್ಷಣ ಲಾಕ್ ಆಗುತ್ತೆ' ಎಂದು ನಮಗೂ ಸಲಹೆ ಬಂತು. 1930 ಸೈಬರ್ ವಂಚನೆಗೆ ಇರುವ ಸಹಾಯವಾಣಿ. ನಮ್ಮ ಕೈತಪ್ಪನ್ನು ವಂಚನೆ ಎಂದು ಹೇಳುವುದು ಸುಳ್ಳು ದೂರು. ಹಾಗೆ ಹೇಳಿದ್ದರೆ ಆ ಹೆಂಗಸಿನ ಪಿಂಚಣಿ ಬರುವ ಖಾತೆ ತಿಂಗಳುಗಟ್ಟಲೆ ಮುಚ್ಚಿಹೋಗುತ್ತಿತ್ತು. ಆಕೆ ಮಾಡಿದ ತಪ್ಪಾದರೂ ಏನು? ನಮ್ಮ ಎರಡು ಅಂಕಿ ಆಕೆಯ ಖಾತೆ ಸಂಖ್ಯೆಗೆ ಹೊಂದಿಕೊಂಡದ್ದು!

ಉಳಿಯುವುದು ಸಿವಿಲ್ ದಾವೆ. ಮೂರು ವರ್ಷದೊಳಗೆ ಹೂಡಬೇಕು. ಆದರೆ ಪ್ರತಿವಾದಿಯ ಹೆಸರೇ ಗೊತ್ತಿಲ್ಲದಿದ್ದರೆ ಯಾರ ಮೇಲೆ ಹೂಡುವುದು? ಬ್ಯಾಂಕನ್ನು ಪಕ್ಷಗಾರನನ್ನಾಗಿ ಮಾಡಿ, 1891ರ ಬ್ಯಾಂಕರುಗಳ ಪುಸ್ತಕ ಸಾಕ್ಷ್ಯ ಕಾಯ್ದೆಯಡಿ ಖಾತೆಯ ವಿವರ ತೋರಿಸಲು ಆದೇಶ ಕೊಡಿ ಎಂದು ನ್ಯಾಯಾಲಯವನ್ನು ಕೇಳಬೇಕು. ದಾರಿ ಇದೆ, ಆದರೆ 46,000ಕ್ಕೆ ಆ ದಾರಿಯಲ್ಲಿ ನಡೆದರೆ ಚಪ್ಪಲಿ ಸವೆದ ಖರ್ಚೇ ಹೆಚ್ಚು. ಅದಕ್ಕಿಂತ ಹತ್ತಿರದ್ದು ತಾಲ್ಲೂಕು ಕಾನೂನು ಸೇವಾ ಸಮಿತಿ, ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೇ ಸಿಗುತ್ತದೆ. ದಾವೆ ಹೂಡುವ ಮೊದಲೇ ಲೋಕ ಅದಾಲತ್ ಮುಂದೆ ಎರಡೂ ಬ್ಯಾಂಕುಗಳನ್ನು ಕರೆಸಲು ಅರ್ಜಿ ಕೊಡಬಹುದು. ಶುಲ್ಕವಿಲ್ಲ, ಅಲ್ಲಿ ಆದ ರಾಜಿಗೆ ಸಿವಿಲ್ ಡಿಕ್ರಿಯ ಬಲವಿದೆ. ಆದರೆ ರಾಜಿ ಎಂದ ಮೇಲೆ ಇನ್ನೊಂದು ಕಡೆಯವರೂ ಒಪ್ಪಬೇಕು.

ಈಗ ಇನ್ನೊಂದು ಪ್ರಕರಣ ನೋಡಿ. 2023ರ ನವೆಂಬರ್ 10ರಿಂದ 13ರವರೆಗೆ ಯೂಕೋ ಬ್ಯಾಂಕಿನ ಐಎಂಪಿಎಸ್ ವ್ಯವಸ್ಥೆಯಲ್ಲಿ ದೋಷವಾಗಿ, ನಿಜವಾಗಿ ಬಾರದ 820 ಕೋಟಿ ರೂಪಾಯಿ ಅದರ ಗ್ರಾಹಕರ ಖಾತೆಗಳಿಗೆ ಜಮೆಯಾಯಿತು. ಸುಮಾರು 41,000 ಖಾತೆಗಳು. ಬ್ಯಾಂಕು ಆ ಖಾತೆಗಳನ್ನು ತಡೆಹಿಡಿಯಿತು. ಕೆಲವೇ ದಿನಗಳಲ್ಲಿ 649 ಕೋಟಿ, ಅಂದರೆ ಶೇ. 79ರಷ್ಟು, ವಾಪಸು ಬಂದಿದೆ ಎಂದು ಪ್ರಕಟಿಸಿತು. ಆಮೇಲೆ ಸಿಬಿಐ ಮೊಕದ್ದಮೆ ಹೂಡಿತು, 2024ರ ಮಾರ್ಚ್‌ನಲ್ಲಿ ರಾಜಸ್ಥಾನ, ಮಹಾರಾಷ್ಟ್ರಗಳಲ್ಲಿ ಶೋಧ ನಡೆಸಿತು. ಎರಡೂ ಒಂದೇ ಅಲ್ಲ ಎಂದು ಬ್ಯಾಂಕಿನವರು ಹೇಳಬಹುದು. ತಮ್ಮದೇ ಲೆಕ್ಕದ ತಪ್ಪು ನಮೂದನ್ನು ತಿದ್ದುವ ಹಕ್ಕು ಅವರಿಗಿದೆ, ಆ ಖಾತೆಗಳೂ ಅವರವೇ. ಒಪ್ಪಿದೆ. ಆದರೆ ಒಂದು ವಿಷಯ ಅಲ್ಲಿ ಸಾಬೀತಾಯಿತು. ತಪ್ಪಿ ಬಂದ ಒಂದು ಮೊತ್ತವನ್ನು ಖಾತೆಯಲ್ಲಿ ಗುರುತಿಸಿ ತಡೆಹಿಡಿಯುವುದು ಬ್ಯಾಂಕಿಗೆ ಅಸಾಧ್ಯವಲ್ಲ. ತಪ್ಪು ಬ್ಯಾಂಕಿನದಾದರೆ ಅದಕ್ಕೆ ದಿನಗಳು ಸಾಕು. ತಪ್ಪು ರೈತನದಾದರೆ ತಡೆಹಿಡಿಯುವ ಗುಂಡಿಯೇ ಯಾರಿಗೂ ಕಾಣುವುದಿಲ್ಲ.

ಈ ನಡುವೆ ಒಂದು ಒಳ್ಳೆಯದಾಗಿದೆ, ಹೇಳದಿದ್ದರೆ ಅನ್ಯಾಯ. 2024ರ ಡಿಸೆಂಬರ್ 30ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಂತೆ, ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಹಣ ಕಳಿಸುವ ಮುನ್ನ ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯವನ್ನು ಬ್ಯಾಂಕುಗಳು 2025ರ ಏಪ್ರಿಲ್ 1ರೊಳಗೆ ಉಚಿತವಾಗಿ ಕೊಡಬೇಕಾಯಿತು. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಹಾಕಿದರೆ ಆ ಬ್ಯಾಂಕಿನ ಲೆಕ್ಕದಲ್ಲಿರುವ ಹೆಸರು ಪರದೆಗೆ ಬರುತ್ತದೆ. ಶಾಖೆಗೆ ಬಂದು ಕಳಿಸುವವರಿಗೂ ಇದು ಅನ್ವಯ. ಹದಿನಾಲ್ಕು ವರ್ಷದ ಹಿಂದೆ ಯಂತ್ರಕ್ಕೆ ಕಷ್ಟ ಎಂದು ಬಿಟ್ಟದ್ದನ್ನು ಮನುಷ್ಯನ ಕಣ್ಣಿಗೆ ವಾಪಸು ಕೊಟ್ಟರು. ಇದು ಮೊದಲೇ ಇದ್ದಿದ್ದರೆ ಚಿಕ್ಕಪ್ಪನ ಹಣ ಹೋಗುತ್ತಿರಲಿಲ್ಲ. ಗಂಡಸಿನ ಹೆಸರಿನ ಜಾಗದಲ್ಲಿ ಹೆಂಗಸಿನ ಹೆಸರು ಬಂದರೆ ಯಾರಿಗಾದರೂ ಗೊತ್ತಾಗುತ್ತದೆ.

ಆದರೆ ಶಾಖೆಯಲ್ಲಿ ಆ ಹೆಸರು ಕಾಣುವುದು ಗುಮಾಸ್ತರ ಪರದೆಯಲ್ಲಿ. ಚಿಕ್ಕಪ್ಪ ಗಾಜಿನ ಈಚೆ ನಿಂತಿರುತ್ತಾರೆ. ಹಿಂದೆ ಇಪ್ಪತ್ತು ಜನರ ಸಾಲು. 'ಹೆಸರು ಏನು ಬಂತು ಸಾರ್, ಓದಿ ಹೇಳಿ' ಎಂದು ಕೇಳುವ ಧೈರ್ಯ ಎಷ್ಟು ಜನರಿಗಿದೆ? ಕೇಳಿ. ಅದು ನಿಮ್ಮ ಹಕ್ಕು. ಇನ್ನು ಹಣ ಕಳಿಸಬೇಕಾದದ್ದೂ ಲಕ್ಷ್ಮಮ್ಮನಿಗೆ, ತಪ್ಪಿ ಹೋಗುವುದೂ ಲಕ್ಷ್ಮಮ್ಮನಿಗೆ ಎಂದಾದರೆ ಆ ಪರದೆಯೂ ಕಾಪಾಡುವುದಿಲ್ಲ. ಆಗ ಬೇಕಾಗುವುದು ಹಿಂದಿರುಗಿಸುವ ದಾರಿ. ಆ ದಾರಿ ಇವತ್ತಿಗೂ ಮ್ಯಾನೇಜರ ಒಳ್ಳೆಯತನದ ಮೇಲೆ ನಿಂತಿದೆ.

ಹಾಗಾಗಿ ನಾನು ಕೇಳುವುದು ಮೂರೇ. ಒಂದು, ಶಾಖೆಯಲ್ಲಿ ಪರದೆಗೆ ಬಂದ ಹೆಸರನ್ನು ಚೀಟಿಯಲ್ಲಿ ಮುದ್ರಿಸಿ ಅದರ ಮೇಲೆ ಸಹಿ ಪಡೆಯಬೇಕು. ಆಗ 'ತಪ್ಪು ನಿಮ್ಮದು' ಎಂಬ ಮಾತಿಗೆ ನೈತಿಕ ಬಲ ಬರುತ್ತದೆ. ಎರಡು, ತಪ್ಪಿ ಹೋದ ಹಣದ ಬಗ್ಗೆ ಲಿಖಿತ ದೂರು ಬಂದ ಕೂಡಲೇ ಆ ಮೊತ್ತವನ್ನಷ್ಟೇ ಹತ್ತು ದಿನ ತಡೆಹಿಡಿಯಬೇಕು. ಸಾಲಕ್ಕೆ ಮುರಿದುಕೊಂಡಿದ್ದರೆ ಆ ನಮೂದನ್ನು ಬ್ಯಾಂಕೇ ಹಿಂತೆಗೆಯಬೇಕು. ಮೂರು, ಪಡೆದವರು ಕೊಡುವುದಿಲ್ಲ ಎಂದರೆ, ದಾವೆ ಹೂಡಲು ಬೇಕಾದ ವಿವರವನ್ನು ಬ್ಯಾಂಕು ಕಳಿಸಿದವರಿಗೆ ಬರವಣಿಗೆಯಲ್ಲಿ ಕೊಡಬೇಕು. ಇದು ನನ್ನ ಕನಸಲ್ಲ. ಬ್ರಿಟನ್ನಿನ 2017ರ ಪಾವತಿ ಸೇವೆಗಳ ನಿಯಮಗಳಲ್ಲಿ ಈ ಮೂರನೆಯದು ಈಗಾಗಲೇ ಇದೆ. ಹಣ ವಾಪಸು ತರಿಸಲಾಗದಿದ್ದರೆ ಗ್ರಾಹಕ ಬರೆದು ಕೇಳಿದಾಗ ಬ್ಯಾಂಕು ವಿವರ ಕೊಡಲೇಬೇಕು.

ಎರಡನೆಯ ಬೇಡಿಕೆಗೆ ಒಂದು ಗಟ್ಟಿ ಆಕ್ಷೇಪವಿದೆ. ಅದನ್ನು ನನಗೆ ಹೇಳಿದವರು ಚಿಂತಾಮಣಿಯ ಟೊಮೆಟೊ ಮಂಡಿಯ ಒಬ್ಬರು. 'ನೀನು ಹೇಳಿದ ಹಾಗೆ ಆದ್ರೆ ನಾಳೆ ಹೊರಗಿನ ವ್ಯಾಪಾರಿ ದುಡ್ಡು ಹಾಕಿ ಮಾಲು ಲೋಡ್ ಮಾಡ್ಕೊಂಡು ಹೋಗ್ತಾನೆ. ಆಮೇಲೆ ತಪ್ಪಿ ಹಾಕ್ದೆ ಅಂತ ಅರ್ಜಿ ಕೊಡ್ತಾನೆ. ಟೊಮೆಟೊನೂ ಹೋಯ್ತು, ದುಡ್ಡೂ ಹೋಯ್ತು.' ಮಾತು ನಿಜ. ಅದಕ್ಕೇ ನಾನು ಕೇಳುತ್ತಿರುವುದು ಹಿಂದಿರುಗಿಸುವ ಆದೇಶವನ್ನಲ್ಲ, ಹತ್ತು ದಿನದ ತಡೆಯನ್ನು. ಪಡೆದವರು ಒಂದು ಬಿಲ್ಲು ತೋರಿಸಿ 'ಇದು ನನ್ನ ಮಾಲಿನ ಹಣ' ಎಂದು ಬರೆದುಕೊಟ್ಟರೆ ತಡೆ ಅವತ್ತೇ ಬಿಡಲಿ, ಜಗಳ ನ್ಯಾಯಾಲಯಕ್ಕೆ ಹೋಗಲಿ. ಸುಳ್ಳು ಅರ್ಜಿ ಕೊಟ್ಟವನಿಗೆ ದಂಡ ಬೀಳಲಿ. ಸೊಪ್ಪು ಮಾರುವವರಿಗೂ, ಟೊಮೆಟೊ ಹಾಕುವವರಿಗೂ, ಖಾತೆಗೆ ಹಣ ಏಕೆ ಬಂತೆಂದೇ ಗೊತ್ತಿಲ್ಲದ ಆ ಹೆಂಗಸಿಗೂ ಆ ಹತ್ತು ದಿನದಲ್ಲಿ ತಮ್ಮ ಮಾತು ಹೇಳಲು ಜಾಗವಿರುತ್ತದೆ. ಇವತ್ತು ಯಾರಿಗೂ ಇಲ್ಲ.

ಕಳೆದ ಬೆಳೆಗೆ ಸೊಪ್ಪು ಕೊಳ್ಳುವ ಪ್ರಸಂಗ ಮತ್ತೆ ಬಂತು. ಚಿಕ್ಕಪ್ಪ ಮೊದಲು ಒಂದು ರೂಪಾಯಿ ಕಳಿಸಿ, ಆ ಕಡೆಯವರು 'ಬಂತಣ್ಣ' ಎಂದ ಮೇಲೆ ಉಳಿದದ್ದನ್ನು ಕಳಿಸಿದರು. ಯಾವ ಸುತ್ತೋಲೆಯೂ ಹೇಳಿಕೊಡದ ಈ ಉಪಾಯ ಅವರದೇ. ಆಮೇಲೆ ಕೌಂಟರಿನವರನ್ನು ಕೇಳಿದರಂತೆ, 'ಹೆಸರು ಏನು ಬಂತು ಸಾರ್?' ಆತ ಪರದೆ ಈಚೆಗೆ ತಿರುಗಿಸಿ ತೋರಿಸಿದರಂತೆ. ಹಿಂದಿದ್ದ ಹೆಂಗಸೂ ತನ್ನ ಸರದಿ ಬಂದಾಗ ಅದನ್ನೇ ಕೇಳಿದಳಂತೆ.